ದೇವರಿಗೆ ಲಂಚ ಅನ್ನೋರಿಗೆ ಒಂದು ಹೋಳು ಕಾಯಿ

ಹೋದ ತಿಂಗಳು ಒಂದು ಸೋಮವಾರ ನಮ್ಮ ಆಫೀಸಿನ ಪ್ಯಾಂಟ್ರಿಗೆ ತಿರುಪತಿ ಲಾಡು ಬಂತು. ಟೆಸ್ಟಿಂಗ್ ಟೀಮಿನ ಹುಡುಗನೊಬ್ಬ ಹೆಂಡತಿಗೆ ಹೆರಿಗೆ ಸುಸೂತ್ರವಾಗಿ ಆಗಲಿ ಅಂತ ಹರಕೆ ಹೊತ್ತಿದ್ದನಂತೆ. ಆಯ್ತು. ಹೋಗಿ ಮುಡಿ ಕೊಟ್ಟು, ನುಣ್ಣನೆ ತಲೆ ಹೊತ್ತು ಬಂದಿದ್ದ. ಲಾಡನ್ನ ಪುಡಿ ಮಾಡಿ ಪೇಪರ್ ಪ್ಲೇಟಿನಲ್ಲಿ ಹಾಕಿ ಎಲ್ಲರ ಡೆಸ್ಕಿಗೂ ತಾನೇ ಒಯ್ದು ಕೊಟ್ಟ. ನನ್ನ ಪಕ್ಕದಲ್ಲಿ ಕೂರುವ ಮಹಾನುಭಾವರೊಬ್ಬರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಹೇಳಿದರು: "ಹರಕೆ ಅಂದ್ರೆ ಇನ್ನೇನು ಗುರು, ದೇವರಿಗೇ ಲಂಚ. ಕೆಲಸ ಮಾಡ್ಕೊಡು, ಕಮಿಷನ್ ತಗೋ." ಸುತ್ತ ಇದ್ದವರು ನಕ್ಕರು. ತಲೆ ಬೋಳಿಸಿಕೊಂಡ ಹುಡುಗನೂ ನಕ್ಕ, ಪಾಪ.

ಈ ಮಾತನ್ನ ನೀವೂ ಕೇಳಿರ್ತೀರಿ, ಬಹುಶಃ ಆಡಿಯೂ ಇರ್ತೀರಿ. ಕಾಲೇಜಿನಲ್ಲಿ ನಾನೂ ಆಡಿದ್ದೆ. ಹಾಸ್ಟೆಲಿನಲ್ಲಿ ಇದನ್ನ ಹೇಳಿದರೆ ಬುದ್ಧಿವಂತ ಅನ್ನಿಸಿಕೊಳ್ಳಬಹುದಿತ್ತು. ಈಗ ಅನ್ನಿಸೋದು, ಇದು ಬುದ್ಧಿವಂತಿಕೆಯ ಮಾತಲ್ಲ, ಸೋಮಾರಿ ಮಾತು. ಇದನ್ನ ಆಡಿ ನಕ್ಕು ಎದ್ದು ಹೋದರೆ ದೇವಸ್ಥಾನದೊಳಗೆ ನಿಜವಾಗಿ ನಡೆಯುತ್ತಿರೋ ಅನ್ಯಾಯ ಕಣ್ಣಿಗೇ ಬೀಳಲ್ಲ. ಆ ಅನ್ಯಾಯದ ಒಂದು ತುದಿ ಹೋದ ವರ್ಷ ನನ್ನ ಲ್ಯಾಪ್‌ಟಾಪಿಗೇ ಬಂದು ಕೂತಿತ್ತು. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಲಂಚದ ಲೆಕ್ಕ ನೋಡೋಣ. ಲಂಚಕ್ಕೆ ಎರಡು ಗುಣ ಇರಬೇಕು. ಒಂದು, ಗುಟ್ಟು. ಎರಡು, ಮುಂಗಡ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಆದಮೇಲೆ ಕೊಡ್ತೀನಿ ಅಂದು ನೋಡಿ, ಫೈಲು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗುತ್ತೆ. ಹರಕೆ ಎರಡರಲ್ಲೂ ಉಲ್ಟಾ. ನಮ್ಮಜ್ಜಿ ಹರಕೆ ಕಟ್ಟುತ್ತಿದ್ದ ಕ್ರಮ ನನಗೆ ಚೆನ್ನಾಗಿ ನೆನಪಿದೆ. ತಲೆಗೆ ನೀರು ಹಾಕಿಕೊಂಡು, ಬಿಳಿ ಬಟ್ಟೆಯ ತುಂಡನ್ನ ಅರಿಶಿನದ ನೀರಲ್ಲಿ ಅದ್ದಿ, ಒಂದೂಕಾಲು ರೂಪಾಯಿ ಅದರಲ್ಲಿ ಇಟ್ಟು ಗಂಟು ಹಾಕಿ, ದೇವರ ಗೂಡಲ್ಲಿ ಇಡೋರು. ಅದು ಮುಡಿಪು. ಒಂದೂಕಾಲು ರೂಪಾಯಿಗೆ ಯಾವ ದೇವರೂ ಕೆಲಸ ಮಾಡಲ್ಲ ಅನ್ನೋದು ಅಜ್ಜಿಗೆ ಗೊತ್ತಿಲ್ಲದೆ ಏನಿಲ್ಲ. ಆ ದುಡ್ಡು ಬೆಲೆಯಲ್ಲ, ಮಾತಿನ ಗುರುತು. ಕೊಡೋದೆಲ್ಲ ಆಮೇಲೆ, ಅದೂ ಊರೆಲ್ಲ ನೋಡುವ ಹಾಗೆ. ಕೆಲಸ ಆಗದೇ ಹೋದರೆ ಕೊಡೋ ಹಂಗಿಲ್ಲ. ಆದರೂ ಅಜ್ಜಿ, ತಾತ ಹಾಸಿಗೆಯಿಂದ ಏಳದೇ ಹೋದ ಮೇಲೂ, ಆ ಗಂಟನ್ನ ಒಯ್ದು ಹುಂಡಿಗೆ ಹಾಕಿ ಬಂದರು. "ಕಟ್ಟಿದ್ದು ಕಟ್ಟಿದ್ದೇ" ಅಂದ್ರು, ಅಷ್ಟೆ. ಯಾವ ಲಂಚಕೋರ ವ್ಯವಸ್ಥೆಯಲ್ಲಿ ಈ ಲೆಕ್ಕ ಕೂರುತ್ತೆ ಹೇಳಿ.

ಇನ್ನೊಂದು ಮಜಾ ನೋಡಿ. ತಿರುಪತಿಯ ತಿಮ್ಮಪ್ಪನಿಗೆ ತೆಲುಗರು ವಡ್ಡಿಕಾಸುಲವಾಡು ಅಂತಾರೆ. ಬಡ್ಡಿಕಾಸಿನವನು. ಮದುವೆಗೆ ಕುಬೇರನ ಹತ್ತಿರ ಸಾಲ ಮಾಡಿದವನು, ಅದರ ಬಡ್ಡಿಗೇ ನಾವು ಹುಂಡಿಗೆ ಹಾಕೋದು ಅಂತ ಕತೆ. ಅಂದ್ರೆ ಭಕ್ತರ ಕಣ್ಣಲ್ಲಿ ಆತ ಕಾಸು ಕೇಳೋ ಅಧಿಕಾರಿಯಲ್ಲ, ಸಾಲದಲ್ಲಿರೋ ಮನೆಯವನು. ನೀವು ಮನೆಯವನ ಕಂತು ಕಟ್ಟುತ್ತೀರಿ. ಲಂಚದ ಉಪಮೆ ಇಲ್ಲಿ ಮಕಾಡೆ ಬೀಳುತ್ತೆ.

ನಮ್ಮ ಮಹಾನುಭಾವರ ಜೋಕು ಹೊಸದೇನೂ ಅಲ್ಲ. 1871ರಲ್ಲೇ ಇಂಗ್ಲೆಂಡಿನ ಎಡ್ವರ್ಡ್ ಟೈಲರ್ ಇದನ್ನ ಸಿದ್ಧಾಂತ ಮಾಡಿದ್ದ. ಮನುಷ್ಯ ಪಾಳೇಗಾರನಿಗೆ ಕಾಣಿಕೆ ಕೊಡೋ ಹಾಗೆ ದೇವರಿಗೂ ಕೊಡೋಕೆ ಶುರು ಮಾಡಿದ, ಮೊದಲು ಲಾಭಕ್ಕೆ, ಆಮೇಲೆ ಗೌರವಕ್ಕೆ, ಕೊನೆಗೆ ತ್ಯಾಗಕ್ಕೆ ಅಂತ. ಇದನ್ನ 1899ರಲ್ಲಿ ಇಬ್ಬರು ಫ್ರೆಂಚರು, ಹ್ಯೂಬರ್ಟ್ ಮತ್ತು ಮಾಸ್, ವೇದಗಳ ಯಜ್ಞವನ್ನೂ ಯಹೂದಿಗಳ ಬಲಿಯನ್ನೂ ಮುಂದಿಟ್ಟುಕೊಂಡು ಬಿಚ್ಚಿ ನೋಡಿದರು. ಅವರು ಕೇಳಿದ್ದು ಬೇರೆ ಪ್ರಶ್ನೆ. ದೇವರಿಗೆ ಏನು ಸಿಕ್ತು ಅಂತಲ್ಲ, ಕೊಟ್ಟವನಿಗೆ ಏನಾಯ್ತು ಅಂತ. ಯಜ್ಞದಲ್ಲಿ ಖರ್ಚು ಹಾಕೋನು ಯಜಮಾನ, ಮಾಡಿಸೋನು ಪುರೋಹಿತ. ಕೊಟ್ಟ ವಸ್ತು ದಿನಬಳಕೆಯ ಲೋಕದಿಂದ ದಾಟಿ ಆಚೆ ಹೋಗುತ್ತೆ, ಅದನ್ನ ಹಿಡಿದುಕೊಂಡಿದ್ದ ಯಜಮಾನನೂ ಅದರ ಜೊತೆ ಬದಲಾಗ್ತಾನೆ. ಯಜ್ಞ ಮುಗಿಸಿ ಹೊರಗೆ ಬಂದವನು ಒಳಗೆ ಹೋದವನೇ ಅಲ್ಲ. ಮುಡಿ ಕೊಟ್ಟು ಬಂದ ನಮ್ಮ ಟೆಸ್ಟಿಂಗ್ ಹುಡುಗನ ತಲೆ ನೋಡಿದರೆ ಈ ಸಿದ್ಧಾಂತಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಮಹಾಭಾರತದ ಅನುಶಾಸನ ಪರ್ವದ ದಾನಧರ್ಮದ ಭಾಗವೂ ಬರುತ್ತೆ. ಅವನ ಮಾತಿನ ಸಾರ ನಮ್ಮ ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ, ಮುಯ್ಯಿ ಅನ್ನೋ ಒಂದು ಪದದಲ್ಲಿ ಅದೆಲ್ಲ ಇದೆ. ಮದುವೆಯಲ್ಲಿ ಮುಯ್ಯಿ ಬರೆಸಿದರೆ ಅದನ್ನ ಇನ್ನೊಂದು ಮದುವೆಯಲ್ಲಿ ವಾಪಸ್ ಬರೆಸಬೇಕು. ಕೊಡಲೇಬೇಕು, ಕೊಟ್ಟಿದ್ದನ್ನ ತಗೊಳ್ಳಲೇಬೇಕು, ತಗೊಂಡಿದ್ದಕ್ಕೆ ತಿರುಗಿಸಲೇಬೇಕು. ಈ ಮೂರರಲ್ಲಿ ಜನ ಮೊದಲನೆಯದನ್ನೂ ಕೊನೆಯದನ್ನೂ ನೆನಪಿಟ್ಟುಕೊಳ್ತಾರೆ, ನಡುವಿನದನ್ನ ಮರೀತಾರೆ. ಇವತ್ತಿನ ನನ್ನ ಜಗಳವೆಲ್ಲ ಆ ನಡುವಿನದರ ಮೇಲೆ. ಕೊಟ್ಟಿದ್ದನ್ನ ತಗೊಳ್ಳಲ್ಲ ಅನ್ನೋದು ಸಣ್ಣ ಮಾತಲ್ಲ. ಅದು ನಿನ್ನ ಜೊತೆ ಸಂಬಂಧವೇ ಬೇಡ ಅನ್ನೋ ಮಾತು. ಮಾಸ್ ಅದನ್ನ ಯುದ್ಧ ಸಾರಿದಂತೆ ಅಂತಾನೆ.

ಈಗ ಬನ್ನಿ, ಒಂದು ತೆಂಗಿನಕಾಯಿಯ ಜೊತೆ ಗರ್ಭಗುಡಿಯ ಹೊಸ್ತಿಲವರೆಗೂ ಹೋಗೋಣ. ನೀವು ಬುಟ್ಟಿ ಕೊಡ್ತೀರಿ. ಕಾಯಿ, ಎರಡು ಬಾಳೆಹಣ್ಣು, ಊದುಬತ್ತಿ, ಕರ್ಪೂರ, ಹೂವು, ಎಲೆ ಅಡಿಕೆ. ಅರ್ಚಕರು ಹೆಸರು ಕೇಳ್ತಾರೆ, ನಕ್ಷತ್ರ ಕೇಳ್ತಾರೆ, ಗೋತ್ರ ಕೇಳ್ತಾರೆ. ಕಾಯಿ ಒಡೀತಾರೆ. ಕಾಯಿ ಕೊಳೆತಿದ್ದರೆ ನಿಮ್ಮ ಎದೆ ಧಸಕ್ಕಂತು, ಓಡಿ ಇನ್ನೊಂದು ತರ್ತೀರಿ. ಬರೀ ಬೆಲೆ ಕಟ್ಟೋ ವ್ಯಾಪಾರ ಆಗಿದ್ದರೆ ಹೊಸ ಕಾಯಿ ಅಂಗಡಿಯವನ ಜವಾಬ್ದಾರಿ ಆಗಬೇಕಿತ್ತು, ನಿಮಗ್ಯಾಕೆ ಭಯ? ನೈವೇದ್ಯ ಆಗುತ್ತೆ, ಮಂಗಳಾರತಿ ಆಗುತ್ತೆ. ಬುಟ್ಟಿ ವಾಪಸ್ ಬಂದಾಗ ಅದರಲ್ಲಿ ಒಂದು ಹೋಳು ಕಾಯಿ, ಒಂದು ಬಾಳೆಹಣ್ಣು, ಒಂದೆಸಳು ಹೂವು. ಇನ್ನೊಂದು ಹೋಳು ಒಳಗೇ ಉಳೀತು.

ಆ ವಾಪಸ್ ಬಂದ ಹೋಳು ಏನು? ನೀವು ಕೊಟ್ಟದ್ದೇ, ಆದರೆ ನೀವು ಕೊಟ್ಟದ್ದಲ್ಲ. ಮನೆಗೆ ಒಯ್ದು ಅಕ್ಕಪಕ್ಕದವರಿಗೆ ಒಂದೊಂದು ಚೂರು ಹಂಚುತ್ತೀರಿ. ಮಾರಲ್ಲ, ಎಸೆಯಲ್ಲ, ಮಿಕ್ಕಿದ್ದು ಅಂತ ಅನ್ನಲ್ಲ. ಬೇರೆ ಯಾರ ತಟ್ಟೆಯಲ್ಲಿ ಮಿಕ್ಕಿದ್ದಾದರೂ ಅದು ಎಂಜಲು, ಇಲ್ಲಿ ಮಿಕ್ಕಿದ್ದು ಮಾತ್ರ ಪ್ರಸಾದ. ಸಿ. ಜೆ. ಫುಲ್ಲರ್ ಅನ್ನೋ ಮಾನವಶಾಸ್ತ್ರಜ್ಞ, ಮದುರೆಯ ಮೀನಾಕ್ಷಿ ಗುಡಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು, ಇದನ್ನ ಕೊಡು-ಕೊಳ್ಳು ಅನ್ನೋಕೇ ಆಗಲ್ಲ ಅಂತ ವಾದ ಮಾಡ್ತಾನೆ. ದೇವರು ತಿರುಗಿ ಉಡುಗೊರೆ ಕೊಡಲ್ಲ, ಇದೇ ವಸ್ತು ರೂಪಾಂತರ ಆಗಿ ಬರುತ್ತೆ ಅಷ್ಟೆ ಅಂತ. ದೇವರ ಮಟ್ಟಿಗೆ ಆತನ ಮಾತು ಒಪ್ಪಬಹುದು. ಆದರೆ ಒಳಗೆ ಉಳಿದ ಹೋಳು? ಬುಟ್ಟಿಗೆ ಬಂದ ಹೋಳನ್ನ ಮೊದಲು ಯಾರು ತಗೊಂಡ್ರು? ಪಾಲು ಅಂತ ಬಂದಮೇಲೆ ಮನುಷ್ಯರ ಲೆಕ್ಕ ಶುರುವಾಯ್ತು.

ಈ ಪಾಲಿನ ಲೆಕ್ಕ ನಮ್ಮ ಕಾಲದ ಕೆಡುಕು ಅಂದುಕೊಳ್ಳಬೇಡಿ. ತಿರುಮಲೆಯ ಗೋಡೆಗಳ ಮೇಲೆ ವಿಜಯನಗರ ಕಾಲದ ಶಾಸನಗಳು ನೂರಾರಿವೆ. ಒಬ್ಬ ದಾನಿ ದುಡ್ಡು ಕೊಡ್ತಾನೆ. ದೇವಸ್ಥಾನ ಆ ದುಡ್ಡಲ್ಲಿ ತನ್ನ ಹಳ್ಳಿಯೊಂದರ ಕೆರೆ ಕಾಲುವೆ ಸರಿ ಮಾಡಿಸುತ್ತೆ. ಹೆಚ್ಚಿಗೆ ಬೆಳೆದ ಭತ್ತದಲ್ಲಿ ದಾನಿಯ ಹೆಸರಲ್ಲಿ ದಿನಾ ನೈವೇದ್ಯ. ನೈವೇದ್ಯ ಆದ ಪ್ರಸಾದದಲ್ಲಿ ನಾಲ್ಕನೇ ಒಂದು ಪಾಲು ದಾನಿಗೆ, ಉಳಿದದ್ದು ಗುಡಿಯ ಸೇವಕರಿಗೂ ಬಂದವರಿಗೂ. ಆ ಕಾಲು ಪಾಲನ್ನ ದಾನಿ ತಾನು ತಿನ್ನಬಹುದು, ಮಠಕ್ಕೆ ಬರೆದುಕೊಡಬಹುದು, ಬೇರೆಯವರಿಗೆ ವಹಿಸಬಹುದು. ಬರ್ಟನ್ ಸ್ಟೈನ್ ಅನ್ನೋ ಇತಿಹಾಸಕಾರ 1960ರಲ್ಲಿ ಈ ಲೆಕ್ಕವನ್ನೆಲ್ಲ ಬರೆದಿಟ್ಟ. ನನಗೆ ಇದರಲ್ಲಿ ಇಷ್ಟವಾಗೋದು ಅದರ ನೇರವಂತಿಕೆ. ನಾನು ಕೊಟ್ಟೆ, ದೇವರು ಉಂಡ, ಕಾಲು ಭಾಗ ನನ್ನದು ಅಂತ ಕಲ್ಲಲ್ಲಿ ಕೆತ್ತಿಸಿದ ಜನಕ್ಕೆ ಭಕ್ತಿ ಇರಲಿಲ್ಲ ಅಂತೀರಾ?

ಇಲ್ಲಿ ನಮ್ಮ ಇನ್ನೊಂದು ಬಗೆಯ ಪರಿಚಿತರು ಎದ್ದು ನಿಲ್ತಾರೆ. ಅವರು ಲಂಚ ಅನ್ನಲ್ಲ, ನಿಷ್ಕಾಮ ಅಂತಾರೆ. ನಿಜವಾದ ಭಕ್ತಿಯಲ್ಲಿ ಕೇಳಬಾರದು, ಕೊಟ್ಟು ಮರೆಯಬೇಕು, ಹರಕೆ ಹೊರೋದು ಕೆಳಮಟ್ಟದ್ದು ಅಂತ. ಇವರಿಗೂ ಲಂಚದವರಿಗೂ ಒಳಗೊಳಗೆ ಒಂದೇ ನಂಬಿಕೆ. ವಾಪಸ್ ನಿರೀಕ್ಷೆ ಇದ್ದರೆ ಅದು ವ್ಯಾಪಾರ, ಇಲ್ಲದಿದ್ದರೆ ಮಾತ್ರ ಉಡುಗೊರೆ. ಜೊನಾಥನ್ ಪ್ಯಾರಿ 1986ರಲ್ಲಿ ಇದಕ್ಕೆ ಒಳ್ಳೆ ಏಟು ಕೊಟ್ಟ. ಏನನ್ನೂ ಬಯಸದ ಶುದ್ಧ ಉಡುಗೊರೆ ಅನ್ನೋ ಆದರ್ಶ ಮಾರುಕಟ್ಟೆಗೆ ವಿರುದ್ಧವಾದದ್ದಲ್ಲ, ಅದರ ಜೋಡಿ ಅಂದ. ವಾರದ ಐದು ದಿನ ಎಲ್ಲವನ್ನೂ ಬೆಲೆಯಲ್ಲಿ ಅಳೆಯೋರಿಗೇ ಭಾನುವಾರ ಬೆಲೆಯಿಲ್ಲದ್ದು ಏನಾದರೂ ಬೇಕು ಅನ್ನಿಸೋದು. ತಿಂಗಳಿಗೆ ಸರಿಯಾಗಿ ಸಂಬಳ ಬೀಳೋನಿಗೆ ದೇವರ ಹತ್ತಿರ ಕೇಳೋಕೆ ಏನೂ ಇಲ್ಲದೇ ಇರಬಹುದು. ಮಳೆ ನಂಬಿ ರಾಗಿ ಬಿತ್ತಿದೋನಿಗೆ ಇದೆ ಸ್ವಾಮಿ.

ಸರಿ, ಹಾಗಾದರೆ ಗುಡಿಯಲ್ಲಿ ಎಲ್ಲ ಚೆನ್ನಾಗಿದೆಯಾ? ಇಲ್ಲ. ಪಾಲಿನ ಜೊತೆ ಸರದಿ ಬರುತ್ತೆ, ಸರದಿಯ ಜೊತೆ ಮರ್ಯಾದೆ. ಅರ್ಜುನ್ ಅಪ್ಪಾದುರೈ ಮತ್ತು ಕ್ಯಾರಲ್ ಬ್ರೆಕೆನ್‌ರಿಜ್ 1976ರಲ್ಲಿ ದಕ್ಷಿಣ ಭಾರತದ ದೇವಸ್ಥಾನದ ಬಗ್ಗೆ ಒಂದು ಲೇಖನ ಬರೆದರು. ಅದರ ತಿರುಳು ಇಷ್ಟು: ದೇವರು ಗುಡಿಯ ಒಡೆಯ. ಜನ ಆತನಿಗೆ ಕೊಡ್ತಾರೆ. ಆತ ತೀರ್ಥ, ಪ್ರಸಾದ, ಶಠಾರಿ, ತಲೆಗೆ ಸುತ್ತುವ ವಸ್ತ್ರ ಹೀಗೆ ಮರ್ಯಾದೆಗಳನ್ನ ಹಂಚುತ್ತಾನೆ. ಆ ಹಂಚಿಕೆಯಲ್ಲಿ ಯಾರು ಮೊದಲು ಅನ್ನೋದೇ ಊರಿನಲ್ಲಿ ಯಾರು ಯಾರು ಅಂತ ತೋರಿಸುತ್ತೆ. ಹಾಗಾಗಿ ಅದು ಗೌರವ ಸೂಚಿಸೋ ಶಾಸ್ತ್ರ ಮಾತ್ರ ಅಲ್ಲ, ಗೌರವ ಅಲ್ಲೇ ಹುಟ್ಟುತ್ತೆ. ಅದಕ್ಕೇ ಒಂದು ಚಮಚ ತೀರ್ಥಕ್ಕೆ ಜನ ಕೋರ್ಟು ಮೆಟ್ಟಿಲು ಹತ್ತೋದು. ನೀರಿಗಾಗಿ ಅಲ್ಲ.

ನಮ್ಮೂರಲ್ಲಿ ಮಾರಮ್ಮನ ಹಬ್ಬ. ಮನೆಮನೆಯಿಂದ ವಂತಿಗೆ ಎತ್ತುತ್ತಾರೆ. ಹೆಂಗಸರು ಅಕ್ಕಿ ಹಿಟ್ಟು ಬೆಲ್ಲ ಕಲಸಿ ತಂಬಿಟ್ಟು ಮಾಡಿ, ಅದರ ಮೇಲೆ ದೀಪ ಹಚ್ಚಿ, ಹೂವಿನ ಅಲಂಕಾರ ಮಾಡಿ ತಲೆ ಮೇಲೆ ಹೊತ್ತು ಸಾಲಾಗಿ ಹೋಗ್ತಾರೆ. ಮೊದಲ ತೀರ್ಥ ಗೌಡರಿಗೆ, ಆಮೇಲೆ ಶಾನುಭೋಗರ ಮನೆಗೆ, ಮೂರನೇದು ನಮ್ಮ ತಾತನಿಗೆ. ನಾನು ಚಿಕ್ಕವನಿದ್ದಾಗ ತಾತನ ಪಕ್ಕ ನಿಂತು, ಆ ಮೂರನೇ ಜಾಗದ ಬಗ್ಗೆ ಎಷ್ಟು ಹೆಮ್ಮೆ ಪಟ್ಟಿದ್ದೆ ಅಂತ ಈಗ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಬರೀತೀನಿ. ಆ ಹೆಮ್ಮೆ ನಿಜ. ಒಂದು ಚಮಚ ನೀರಿಗೆ ಅಂಥ ಶಕ್ತಿ ಇತ್ತು.

ಹಟ್ಟಿಯವರ ತಮಟೆ ಇಲ್ಲದೆ ಅಮ್ಮ ಗುಡಿ ಬಿಟ್ಟು ಹೊರಡಲ್ಲ. ಮೂರು ದಿನ, ರಾತ್ರಿ ಹಗಲು, ಬೆಂಕಿಗೆ ಚರ್ಮ ಕಾಸಿ ಕಾಸಿ ಬಾರಿಸೋರು ಅವರು. ಹ್ಯೂಬರ್ಟ್, ಮಾಸ್ ಯಾರನ್ನ ಕೇಳಿದರೂ ಇದು ದೇವಿಗೆ ಕೊಟ್ಟ ಕಾಣಿಕೆಯೇ. ಆದರೆ ಊರು ಅದನ್ನ ಹಾಗೆ ಎಣಿಸಲ್ಲ. ನಾವು ಕೊಟ್ಟರೆ ಸೇವೆ, ಅವರು ಕೊಟ್ಟರೆ ಕೆಲಸ. ಹಿಂದೆ ಅದಕ್ಕೆ ಸುಗ್ಗಿಯ ಕಣದಲ್ಲಿ ಆಯ ಅಂತ ಒಂದಿಷ್ಟು ರಾಗಿ ಅಳೆಯೋರು, ಈಗ ಕವರಿನಲ್ಲಿ ದುಡ್ಡು ಹಾಕಿ ಕೊಡ್ತಾರೆ. ಅವರ ಮನೆ ತಂಬಿಟ್ಟು ಬರೋದು ಕೊನೆಗೆ, ಎಲ್ಲರದ್ದೂ ಆದಮೇಲೆ. ಅದು ಗುಡಿಯ ಒಳಗೆ ಹೋಗಲ್ಲ, ಕಂಬದ ಹತ್ತಿರ ಇಳಿಸಿ, ಅಲ್ಲಿಂದಲೇ ಒಂದು ಹನಿ ತೀರ್ಥ ಚಿಮುಕಿಸಿ ಕಳಿಸೋರು. ವಂತಿಗೆ? "ಪಾಪ, ಬಡವರು, ಅವರ ಹತ್ರ ತಗೋಬಾರದು" ಅನ್ನೋರು ನಮ್ಮ ತಾತ. ಎಷ್ಟು ದೊಡ್ಡ ಮನಸ್ಸು ಅಂತ ನಾನು ಅಂದುಕೊಂಡಿದ್ದೆ. ಬಡ ಗೌಡರ ಮನೆಯಿಂದ ಎರಡು ಸೇರು ರಾಗಿಯನ್ನಾದರೂ ಬಿಡದೆ ವಸೂಲಿ ಮಾಡ್ತಿದ್ದ ಅದೇ ಕೈ, ಹಟ್ಟಿಯಿಂದ ಮಾತ್ರ ಏನೂ ತಗೊಳ್ಳಲ್ಲ. ಯಾಕೆ ಅಂತ ಅರ್ಥವಾಗೋಕೆ ನನಗೆ ಮೂವತ್ತು ವರ್ಷ ಬೇಕಾಯ್ತು. ವಂತಿಗೆ ತಗೊಂಡರೆ ಪಾಲು ಕೊಡಬೇಕಾಗುತ್ತೆ.

ಕಾನೂನು ಏನು ಮಾಡಿತು ಅಂತ ಕೇಳಬಹುದು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು 1957ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಅದು ಗೌಡ ಸಾರಸ್ವತರ ಗುಡಿ. ಹಿಂದೂಗಳೆಲ್ಲರಿಗೂ ಪ್ರವೇಶ ಇದೆ ಅಂತ ಕೋರ್ಟು ಹೇಳಿತು. ಆದರೆ ಕೆಲವು ಸೇವೆಗಳ ಹೊತ್ತಿನಲ್ಲಿ ಆ ಸಮುದಾಯದವರು ಮಾತ್ರ ಇರಬಹುದು ಅನ್ನೋದನ್ನೂ ಉಳಿಸಿತು. ಇದು ಒಂದು ಪಂಗಡದ ಗುಡಿಯ ಕತೆ, ಊರಮ್ಮನ ಗುಡಿಗೆ ಆ ವಿನಾಯಿತಿ ಅನ್ವಯಿಸೋಕೆ ಬರಲ್ಲ. ಆದರೂ ಬಾಗಿಲು ಬೇರೆ, ಸೇವೆ ಬೇರೆ ಅಂತ ಎಲ್ಲರಿಗೂ ಗೊತ್ತಿದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಇದನ್ನ ಚೆನ್ನಾಗಿಯೇ ಊಹಿಸಿತ್ತು. ಅಸ್ಪೃಶ್ಯತೆಯ ಕಾರಣಕ್ಕೆ ಒಳಗೆ ಬಿಡದೇ ಇರೋದು ಮಾತ್ರ ಅಪರಾಧ ಅಂತ ಅಲ್ಲಿಲ್ಲ. ಬೇರೆಯವರಿಗೆ ಯಾವ ರೀತಿ, ಎಷ್ಟರ ಮಟ್ಟಿಗೆ ಪೂಜೆಗೆ ಅವಕಾಶ ಇದೆಯೋ ಅದೇ ರೀತಿ, ಅಷ್ಟೇ ಮಟ್ಟಿಗೆ ಬಿಡದೇ ಇರೋದೂ ಅಪರಾಧ. ನಮ್ಮೂರಲ್ಲಿ ಯಾರಾದರೂ ಅದನ್ನ ಓದಿದ್ದರೆ ತಾನೆ.

ಹಾಗಂತ ಟಿಕೆಟ್ಟನ್ನ ಬೈಯೋಕೆ ಹೊರಟವರ ಜೊತೆಗೂ ನಾನು ನಿಲ್ಲೋಕೆ ಆಗಲ್ಲ. ದೊಡ್ಡ ಗುಡಿಗಳಲ್ಲಿ ಈಗ ಎಲ್ಲದಕ್ಕೂ ದರಪಟ್ಟಿ. ತಿರುಮಲೆಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಇದೆ. 10,000 ರೂಪಾಯಿ ಶ್ರೀವಾಣಿ ಟ್ರಸ್ಟಿಗೆ ದೇಣಿಗೆ ಕೊಟ್ಟರೆ, ಮೇಲೆ 500 ಕೊಟ್ಟು ವಿಐಪಿ ಬ್ರೇಕ್ ದರ್ಶನದ ಟಿಕೆಟ್ ತಗೋಬಹುದು. ಈ ಎರಡನೆಯದು ನೋಡೋಕೆ ಭಾರಿ ಚೆಂದ. ಟಿಕೆಟಿನ ಬೆಲೆ 500 ಮಾತ್ರ, 10,000 ಬರೀ ಕಾಣಿಕೆ. ಬೆಲೆಗೆ ಕಾಣಿಕೆಯ ಪಂಚೆ ಉಡಿಸಿದ ಹಾಗೆ. ಇದನ್ನ ನೋಡಿ ಹಳೇ ಕಾಲದವರು ಭಕ್ತಿ ಕೆಟ್ಟುಹೋಯ್ತು ಅಂತಾರೆ. ಕೆಟ್ಟದ್ದು ಸರಿ. ಹಣ ಇದ್ದವನು ಬಡವನ ಆರು ತಾಸನ್ನ ಕೊಂಡುಕೊಂಡ, ಅದು ಅಸಹ್ಯವೇ. ಆದರೆ ಒಂದು ಮಾತು ಹೇಳದೆ ಇರೋಕಾಗಲ್ಲ. ಆ 300 ರೂಪಾಯಿ ಟಿಕೆಟ್ ನಿನ್ನ ಹಟ್ಟಿ ಯಾವುದು ಅಂತ ಕೇಳಲ್ಲ. ಕಂಬದ ಹತ್ತಿರ ನಿಲ್ಲು ಅನ್ನಲ್ಲ. ನಮ್ಮೂರ ಗುಡಿಯ ಬೆಚ್ಚಗಿನ, ಮುಖ ನೋಡಿ ಹೆಸರು ಹಿಡಿದು ಕರೆಯೋ ಕಾಣಿಕೆಯ ಲೋಕಕ್ಕಿಂತ, ತಣ್ಣನೆಯ ಬಾರ್‌ಕೋಡಿನಲ್ಲಿ ಕೆಲವರಿಗೆ ಹೆಚ್ಚು ಮರ್ಯಾದೆ ಇದೆ. ಕಾಣಿಕೆ ಹೋಗಿ ಬೆಲೆ ಬಂತು ಅಂತ ಅಳೋ ಮುಂಚೆ, ಯಾರ ಕಾಣಿಕೆಯನ್ನ ನಾವು ತಗೊಂಡಿದ್ವಿ ಅಂತ ಕೇಳಿಕೊಳ್ಳಬೇಕು.

ಈಗ ನನ್ನ ಲ್ಯಾಪ್‌ಟಾಪಿನ ಕತೆ.

ನಮ್ಮೂರ ಗುಡಿಗೆ ಜೀರ್ಣೋದ್ಧಾರ. ಕಮಿಟಿ ಆಯ್ತು, ವಾಟ್ಸಾಪ್ ಗ್ರೂಪ್ ಆಯ್ತು. ಬೆಂಗಳೂರಲ್ಲಿರೋ ಇಂಜಿನಿಯರ್ ಅಂತ ನನಗೆ ವೆಬ್‌ಸೈಟ್ ಕೆಲಸ ಬಂತು. ಎರಡು ಶನಿವಾರ ಕೂತು ಒಂದು ಸಣ್ಣ ಪುಟ ಮಾಡಿದೆ. ಹೆಸರು, ಫೋನು, ಗೋತ್ರ, ಮೊತ್ತ. ಗೋತ್ರ ಕಡ್ಡಾಯ ಮಾಡು ಅಂದ್ರು, ನಾನು ಮಾಡಲಿಲ್ಲ. ನನ್ನ ಗೋತ್ರವೇ ನನಗೆ ಗೊತ್ತಿಲ್ಲ, ಅರ್ಚಕರು ಕೇಳಿದಾಗೆಲ್ಲ ಬಾಯಿಗೆ ಬಂದದ್ದು ಹೇಳ್ತೀನಿ. 10,000 ಕೊಟ್ಟವರ ಹೆಸರು ಗ್ರಾನೈಟ್ ಕಲ್ಲಲ್ಲಿ. 25,000 ಕೊಟ್ಟವರಿಗೆ ಹೆಸರಿನ ಜೊತೆ, ಕುಂಭಾಭಿಷೇಕದ ದಿನ ಗುಡಿಯೊಳಗೆ ನಿಂತು ಮಂಗಳಾರತಿ ತಗೊಳ್ಳೋ ಸರದಿ. ಇದನ್ನ ಕಮಿಟಿಯೇ ಬರೆದುಕೊಟ್ಟಿದ್ದು, ನಾನು ಹಾಗೇ ಟೈಪ್ ಮಾಡಿ ಹಾಕಿದೆ. ತಿರುಮಲೆಯ ಶಾಸನದಷ್ಟೇ ನೇರ.

ಮೂರನೇ ವಾರ 25,000 ಬಂತು. ಕೊಟ್ಟವನು ನನ್ನ ಜೊತೆ ಏಳನೇ ಕ್ಲಾಸಿನವರೆಗೂ ಓದಿದವನು, ಹಟ್ಟಿಯವನು, ಈಗ ಬೆಂಗಳೂರಲ್ಲಿ ನನಗಿಂತ ಒಳ್ಳೆ ಕೆಲಸದಲ್ಲಿದ್ದಾನೆ. ಅವನಪ್ಪ ನಲವತ್ತು ವರ್ಷ ಆ ಅಮ್ಮನ ಮುಂದೆ ತಮಟೆ ಬಾರಿಸಿದವರು. ಗ್ರೂಪಲ್ಲಿ ಯಾರೂ ಮಾತಾಡಲಿಲ್ಲ. ಬೇರೆ ಯಾರು ಐನೂರು ಹಾಕಿದರೂ ಕೈ ಮುಗಿಯೋ ಚಿತ್ರ ಇಪ್ಪತ್ತು ಬೀಳುತ್ತಿತ್ತು. ರಾತ್ರಿ ಹತ್ತಕ್ಕೆ ಕಮಿಟಿಯ ಹಿರಿಯರೊಬ್ಬರು ಫೋನ್ ಮಾಡಿದರು. ನನಗೆ ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕು.

"ಮಗಾ, ಆ ದುಡ್ಡು ಒಂದು ವಾಪಸ್ ಹಾಕ್ಬಿಡು. ಟೆಕ್ನಿಕಲ್ ಪ್ರಾಬ್ಲಮ್ ಅಂತ ಏನಾದ್ರೂ ಬರೆದು."

"ಯಾಕೆ ದೊಡ್ಡಪ್ಪ? ನೀವೇ ಬರೆಸಿದ ಪಟ್ಟಿ ಅಲ್ವಾ?"

"ಅವನ ಒಳ್ಳೇದಕ್ಕೇ ಕಣೋ ಹೇಳೋದು. ನಾಳೆ ಒಳಗೆ ನಿಲ್ತೀನಿ ಅಂತಾನೆ. ಊರಲ್ಲಿ ಸುಮ್ನೆ ಮಾತು. ದುಡ್ಡು ನಮಗೇನು ಕಮ್ಮಿ ಆಗಿಲ್ಲ."

ದುಡ್ಡು ಕಮ್ಮಿ ಆಗಿತ್ತು. ಗೋಪುರಕ್ಕೆ ಇನ್ನೂ ನಾಲ್ಕು ಲಕ್ಷ ಬೇಕಾಗಿತ್ತು, ಅದು ನನ್ನದೇ ಪುಟದಲ್ಲಿ ಕೆಂಪು ಅಕ್ಷರದಲ್ಲಿ ಕಾಣುತ್ತಿತ್ತು. ಲಂಚ ಅನ್ನೋ ನಮ್ಮ ಮಹಾನುಭಾವರು ಇಲ್ಲಿಗೆ ಬಂದು ಉತ್ತರ ಹೇಳಬೇಕು. ಗುಡಿ ಬರೀ ವಸೂಲಿಯ ಅಂಗಡಿ ಆಗಿದ್ದರೆ 25,000ವನ್ನ ಯಾವ ಅಂಗಡಿಯವನು ವಾಪಸ್ ಕಳಿಸ್ತಾನೆ? ದೇವರಿಗೆ ಕೊಡೋದು ಬರೀ ಮೂಢನಂಬಿಕೆ ಆಗಿದ್ದರೆ ಅದನ್ನ ತಡೆಯೋಕೆ ದೊಡ್ಡಪ್ಪ ರಾತ್ರಿ ಹತ್ತಕ್ಕೆ ಯಾಕೆ ಎದ್ದು ಕೂರ್ತಾರೆ? ಕೊಟ್ಟವನು ಯಜಮಾನ ಆಗ್ತಾನೆ ಅನ್ನೋದು ಹ್ಯೂಬರ್ಟ್, ಮಾಸ್ ಪುಸ್ತಕ ಓದದೇ ನಮ್ಮ ದೊಡ್ಡಪ್ಪನಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇರೋದು ನಮ್ಮ ಪ್ಯಾಂಟ್ರಿಯವರಿಗೆ.

ನಾನು ರೀಫಂಡ್ ಪುಟ ತೆಗೆದೆ, ತೆಗೆದದ್ದು ನಿಜ. ಮೊತ್ತ ತಾನಾಗೇ ತುಂಬಿಕೊಂಡಿತ್ತು. ಕೆಳಗೆ `reason` ಅಂತ ಒಂದು ಖಾನೆ, ಖಾಲಿ ಬಿಟ್ಟರೆ ಮುಂದೆ ಹೋಗಲ್ಲ. ಏನು ಬರೆಯೋದು ಅಂತ ಸುಮಾರು ಹೊತ್ತು ಕರ್ಸರ್ ನೋಡ್ತಾ ಕೂತೆ. ಬರೆಯೋಕೆ ಆಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಇದರಲ್ಲಿ ನನ್ನ ಶೌರ್ಯ ಏನೂ ಇಲ್ಲ. ಆ ಖಾನೆ ಕಡ್ಡಾಯ ಇಲ್ಲದೇ ಇದ್ದಿದ್ದರೆ ಒತ್ತಿಬಿಡ್ತಿದ್ದೆನೋ ಏನೋ.

ಮಾರನೇ ದಿನ ಗ್ರೂಪಲ್ಲಿ 1955ರ ಕಾಯ್ದೆಯ ಆ ಸಾಲುಗಳನ್ನ ಕನ್ನಡದಲ್ಲಿ ಬರೆದು ಹಾಕಿದೆ, ದುಡ್ಡು ವಾಪಸ್ ಹೋಗಲ್ಲ ಅಂತಲೂ ಹಾಕಿದೆ. ಇಬ್ಬರು ಗ್ರೂಪ್ ಬಿಟ್ಟರು. ದೊಡ್ಡಪ್ಪ ಈಗ ನನ್ನ ಜೊತೆ ಮಾತಾಡಲ್ಲ. ಕಮಿಟಿ ಹೊಸ ಉಪಾಯ ಹುಡುಕಿತು. ಹೆಸರು ಕಲ್ಲಲ್ಲಿ ಕೆತ್ತಿಸೋಣ, ಕಾಯ್ದೆ ಪ್ರಕಾರ ಆಯ್ತಲ್ಲ. ಆದರೆ ಈ ಸಲ ಒಳಗೆ ಯಾರಿಗೂ ಮಂಗಳಾರತಿ ಬೇಡ, ಎಲ್ಲರಿಗೂ ಹೊರಗೇ. ಪ್ರಸಾದದ ಬದಲು ಎಲ್ಲ ದಾನಿಗಳಿಗೂ ಶಾಲು, ಫಲಕ. ನೋಡಿ ಎಂಥ ಸಮಾನತೆ. ಮೂರನೇ ತೀರ್ಥದ ಮನೆಯವನಾದ ನನಗೂ ಒಂದು ಫಲಕ ಬಂತು, ಪ್ಲಾಸ್ಟಿಕ್ಕಿನದು.

ಅವನಿಗೆ ಫೋನ್ ಮಾಡಿದೆ. ಹೆಸರು ಕಲ್ಲಲ್ಲಿ ಬರುತ್ತೆ ಕಣೋ, ಅಷ್ಟಾದರೂ ಆಯ್ತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಕಲ್ಲು ನಂಗ್ಯಾಕೋ," ಅಂದ. "ನಮ್ಮಪ್ಪ ನಲವತ್ತು ವರ್ಷ ಬಾರಿಸಿದ್ದಾನೆ, ಒಂದು ದಿನಾನೂ ಅಮ್ಮನ ಮುಂದೆ ಕಾಯಿ ಒಡೆಸಿಲ್ಲ. ಹಬ್ಬದ ದಿನ ಒಂದು ಕಾಯಿ ತಗೊಂಡು ಬರ್ತೀನಿ. ಎಲ್ಲರ ಥರಾನೇ ಒಳಗೆ ತಗೊಂಡು ಹೋಗಿ, ಅರ್ಧ ಹೋಳು ನನ್ನ ಬುಟ್ಟಿಗೆ ವಾಪಸ್ ಹಾಕ್ಬೇಕು. ಅಪ್ಪಂಗೆ ಒಯ್ದು ಕೊಡ್ಬೇಕು. ಅಷ್ಟು ಕೇಳು ಅವರನ್ನ."

ಹಬ್ಬ ಮಾರ್ಚಿನಲ್ಲಿ. ಗ್ರೂಪಲ್ಲಿ ಕೇಳಿದ್ದೀನಿ. ಎಲ್ಲರೂ ಓದಿದ್ದಾರೆ ಅಂತ ನೀಲಿ ಗೆರೆ ತೋರಿಸ್ತಿದೆ.